ಲೋಡ್ ಹಾಕಿ ನೋಡಿ

ನನ್ನ ಗಂಡನಿಗೆ ಅವರ ಕಾರ್ಖಾನೆಯವರು ಇಟ್ಟ ಹೆಸರು ಮೈಕ್ರಾನ್. ಬೇರಿಂಗ್ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಕೆಲಸ. ಕೂದಲೆಳೆಯ ವ್ಯತ್ಯಾಸವಿದ್ದರೂ ತುಂಡನ್ನು ವಾಪಸ್ ಕಳಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಅಳೆಯಲು ಏನೂ ಉಳಿಯಲಿಲ್ಲ. ಕಿಟಕಿ ಪರದೆ ಎಡಗಡೆ ಇಳಿಬಿದ್ದಿದೆ, ಗೋಡೆ ಗಡಿಯಾರ ನಲವತ್ತು ಸೆಕೆಂಡು ಹಿಂದಿದೆ ಎಂದು ಗೊಣಗುತ್ತ ದಿನ ದೂಡುತ್ತಿದ್ದರು. ಆಮೇಲೆ ನನಗೆ ಸ್ಟ್ರೋಕ್ ಆಯಿತು, ಅವರಿಗೆ ಕೆಲಸ ಸಿಕ್ಕಿತು.

ಹೀಗೆ ಹೇಳಿದರೆ ಕಟುವಾಯಿತು ಅನ್ನಬಹುದು. ಆಗಲಿ. ಒಂಬತ್ತು ತಿಂಗಳ ಹಿಂದೆ ಇಷ್ಟು ಹೇಳಲಿಕ್ಕೂ ನನ್ನಿಂದ ಆಗುತ್ತಿರಲಿಲ್ಲ. ಈಗ ಆಗುತ್ತದೆ, ಹೇಳುತ್ತೇನೆ.

ನಾನೂ ಕೆಲಸ ಮಾಡಿದವಳೇ. ವಿದ್ಯುತ್ ಕಚೇರಿಯ ದೂರು ಕೌಂಟರಿನಲ್ಲಿ ಇಪ್ಪತ್ತಾರು ವರ್ಷ. ಫೋನಿನಲ್ಲಿ ಬೈಸಿಕೊಳ್ಳುವುದು, ನಗುತ್ತ ಬರೆದುಕೊಳ್ಳುವುದು, ಲೈನ್‌ಮನ್‌ಗಳನ್ನು ಹುಡುಕಿ ಕಳಿಸುವುದು. ಮಾತು ನನ್ನ ಹೊಟ್ಟೆಪಾಡು. ಎಷ್ಟು ಮಾತಾಡುತ್ತಿದ್ದೆನೆಂದರೆ ಇವರು ಮನೆಗೆ ಬಂದವರಿಗೆ, "ಇವಳ ಬಾಯಿಗೆ ಮೀಟರ್ ಕೂರಿಸಿದ್ರೆ ಊರಿಗೇ ಕರೆಂಟ್ ಕೊಡಬಹುದು," ಎನ್ನುತ್ತಿದ್ದರು.

ಆ ಬೆಳಿಗ್ಗೆ ಎದ್ದಾಗ ಬಲಗೈಯಲ್ಲಿ ಬಾಚಣಿಗೆ ನಿಲ್ಲಲಿಲ್ಲ. ಎರಡು ಸಲ ಬಿತ್ತು. "ಬಾಚಣಿಗೆ ಬೀಳ್ತಿದೆ ರೀ," ಎಂದೆ. ನನ್ನ ಕಿವಿಗೆ ಸರಿಯಾಗೇ ಕೇಳಿಸಿತು. ಇವರ ಮುಖ ನೋಡಿದಾಗ ನಾನು ಹೇಳಿದ್ದು ಮಾತೇ ಅಲ್ಲ ಎಂದು ಗೊತ್ತಾಯಿತು.

ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು. ಮಿದುಳಿನ ಎಡಗಡೆ ಒಂದು ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ. ನಿದ್ದೆಯಲ್ಲಿ ಯಾವಾಗ ಆಯಿತೋ ಗೊತ್ತಿಲ್ಲದ್ದರಿಂದ ಅದನ್ನು ಕರಗಿಸುವ ಇಂಜೆಕ್ಷನ್ ಕೊಡುವ ಹಾಗಿರಲಿಲ್ಲ. ಬಲಗೈ ಅರ್ಧ, ಮಾತು ಪೂರ್ತಿ ಹೋಗಿತ್ತು. ಬುದ್ಧಿ ಹೋಗಿರಲಿಲ್ಲ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬುದ್ಧಿ ಮತ್ತು ನಾಲಿಗೆ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಹಾಗಾಗಿದ್ದವು, ಅಷ್ಟೆ.

ಹಾಸಿಗೆಯ ತಲೆಗಡೆ, ಗೋಡೆಯಲ್ಲಿ ಒಂದು ಮಾನಿಟರ್ ಪರದೆ ಇತ್ತು. ಅದರಲ್ಲಿ ನನ್ನ ರಕ್ತದೊತ್ತಡ ನೂರಾ ತೊಂಬತ್ತೆರಡು, ನೂರಾ ನಾಲ್ಕು ಎಂದು ಹೊಳೆಯುತ್ತಿತ್ತು. ಇವರು ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ನರರೋಗದ ಡಾಕ್ಟರಮ್ಮ ಬಂದ ತಕ್ಷಣ ಎದ್ದು ನಿಂತರು.

"ಡಾಕ್ಟ್ರೇ, ಇಷ್ಟಿದೆ. ಮಾತ್ರೆ ಯಾಕೆ ಕೊಡ್ತಿಲ್ಲ?"

"ಈಗ ಇಳಿಸಬಾರದು ಸರ್," ಎಂದರು ಆಕೆ. "ರಕ್ತ ಹೋಗದೆ ಇರೋ ಜಾಗದ ಸುತ್ತ ಇನ್ನೂ ಜೀವ ಹಿಡ್ಕೊಂಡಿರೋ ಭಾಗ ಇರುತ್ತೆ. ಒತ್ತಡ ಇದ್ರೇನೇ ಅಲ್ಲಿಗೆ ಒಂಚೂರು ರಕ್ತ ತಲುಪೋದು. ಮೊದಲ ಒಂದೆರಡು ದಿನ ಹೀಗೇ ಬಿಡ್ತೀವಿ. ಇನ್ನೂರಿಪ್ಪತ್ತು ದಾಟಿದ್ರೆ ಆಗ ಕೈ ಹಾಕ್ತೀವಿ."

ನನಗೆ ಅರ್ಥವಾಯಿತು. ಊರ ಕೊನೆಯ ಮನೆಗೂ ದೀಪ ಹತ್ತಬೇಕೆಂದರೆ ಈ ತುದಿಯಲ್ಲಿ ವೋಲ್ಟೇಜ್ ಎತ್ತಿಡಬೇಕು, ಅದೇ ಲೆಕ್ಕ. ಇವರಿಗೆ ಅರ್ಥವಾಗಲಿಲ್ಲ. ಎರಡು ಹಗಲು ಎರಡು ರಾತ್ರಿ ಆ ಪರದೆ ನೋಡಿದರು. ಅವರ ಮುಖದಲ್ಲಿ ನಾನು ಅಂಥ ಹೆದರಿಕೆ ಕಂಡಿದ್ದು ಅದೇ ಮೊದಲು. ಆ ಅಂಕಿ ತಮ್ಮ ಮನೆಯಲ್ಲಿ ಇನ್ನೊಮ್ಮೆ ಕಾಣಬಾರದು ಎಂದು ಅಲ್ಲೇ ತೀರ್ಮಾನ ಮಾಡಿದರು ಅನ್ನಿಸುತ್ತದೆ.

ಮೂರನೇ ದಿನದಿಂದ ಮಾತ್ರೆ ಶುರುವಾಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಚೀಟಿಯಲ್ಲಿ ಬರೆದರು: ಒತ್ತಡಕ್ಕೆ ಎರಡು ಮಾತ್ರೆ, ಎರಡೂ ಬೆಳಿಗ್ಗೆ. ರಕ್ತ ಹೆಪ್ಪುಗಟ್ಟದಿರಲು ಒಂದು, ಕೊಬ್ಬಿಗೆ ಒಂದು. ಕೆಳಗೆ ಗುಂಡಗಿನ ಅಕ್ಷರದಲ್ಲಿ, "ಗುರಿ: 130/80ರ ಒಳಗೆ."

"ಇದೇ ಮುಖ್ಯ," ಎಂದರು. "ಇನ್ನೊಂದು ಸ್ಟ್ರೋಕ್ ಬರದ ಹಾಗೆ ತಡೆಯೋದಕ್ಕೆ ಇದಕ್ಕಿಂತ ದೊಡ್ಡ ಕೆಲಸ ಇಲ್ಲ. ಮನೇಲಿ ದಿನಾ ನೋಡಿ ಬರೆದಿಡಿ."

ಇವರು ಆ ಚೀಟಿಯನ್ನು ಕಾರ್ಖಾನೆಯ ನಕ್ಷೆ ಓದುವ ಹಾಗೆ ಓದಿದರು. "ಒಳಗೆ" ಅನ್ನುವ ಪದದ ಮೇಲೆ ಅವರ ಬೆರಳು ನಿಂತಿದ್ದು ನನಗೆ ಕಂಡಿತು.

ಮನೆಗೆ ಬಂದ ಮರುದಿನವೇ ಉದ್ದನೆಯ ನೋಟ್‌ಬುಕ್ ಬಂತು. ಸ್ಕೇಲು ಇಟ್ಟು ಗೆರೆ ಹಾಕಿದರು. ತಾರೀಕು, ಬೆಳಿಗ್ಗೆ, ಸಂಜೆ, ಮೊದಲ ಓದು, ಎರಡನೇ ಓದು, ಸರಾಸರಿ. ಯಂತ್ರ ತೋರಿಸುವ ಅಂಕಿಗೆ ಅವರ ಭಾಷೆಯಲ್ಲಿ ಓದು. ಕೊನೆಯಲ್ಲಿ ಅಗಲವಾಗಿ "ಷರಾ". ತಪಾಸಣೆಯ ಹಾಳೆಯಲ್ಲಿ ಷರಾ ಇರಲೇಬೇಕಂತೆ, ಬರೆಯಲು ಏನಿಲ್ಲದಿದ್ದರೂ.

ಅಳೆಯುವ ಶಾಸ್ತ್ರವನ್ನು ಅವರು ಒಂದಿಷ್ಟೂ ತಪ್ಪಿಸಲಿಲ್ಲ, ಅದನ್ನು ಒಪ್ಪಬೇಕು. ಬೆಳಿಗ್ಗೆ ಮಾತ್ರೆಗೆ ಮುಂಚೆ, ಸಂಜೆ ಊಟಕ್ಕೆ ಮುಂಚೆ. ಬೆನ್ನಿಗೆ ಒರಗು ಇರುವ ಕುರ್ಚಿ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಹಾಕುವಂತಿಲ್ಲ. ಎಡಗೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ, ಅದಕ್ಕಾಗಿ ಒಂದು ದಿಂಬು. ಐದು ನಿಮಿಷ ಸುಮ್ಮನೆ ಕೂರಬೇಕು. ಆಮೇಲೆ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಕಟ್ಟಿ ಗುಂಡಿ ಒತ್ತುತ್ತಿದ್ದರು.

"ಮಾತಾಡಬೇಡ," ಎನ್ನುತ್ತಿದ್ದರು ಪ್ರತಿ ಸಲ. "ಮಾತಾಡಿದ್ರೆ ಓದು ಜಾಸ್ತಿ ತೋರಿಸುತ್ತೆ."

ಮಾತೇ ಬಾರದವಳಿಗೆ ದಿನಕ್ಕೆ ಎರಡು ಸಲ ಮಾತಾಡಬೇಡ ಎನ್ನುವ ಗಂಡ. ನಗು ಬರುತ್ತಿತ್ತು. ನಕ್ಕರೂ ಓದು ಜಾಸ್ತಿ ತೋರಿಸುತ್ತದೆ ಎಂದು ಗದರುತ್ತಿದ್ದರು.

ಮೊದಲ ವಾರ ನೂರಾ ನಲವತ್ತಾರು. ಎರಡನೇ ವಾರ ನೂರಾ ಮೂವತ್ತೆರಡು. ಮೂರನೇ ವಾರದ ಒಂದು ಬೆಳಿಗ್ಗೆ ನೂರಾ ಇಪ್ಪತ್ತೇಳು ಬಂತು. ಇವರು ಹಸಿರು ಪೆನ್ನಿನಲ್ಲಿ ಬರೆದು ನನ್ನ ಬೆನ್ನು ತಟ್ಟಿದರು, ನಾನೇ ಏನೋ ಪರೀಕ್ಷೆ ಪಾಸಾದ ಹಾಗೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇಲ್ಲ.

ನಿಲ್ಲಿಸಲಿಲ್ಲ. ಇಪ್ಪತ್ತೇಳು ಮೂವತ್ತಕ್ಕೆ ತೀರಾ ಹತ್ತಿರ, ಅಂಚಿನಲ್ಲಿರುವ ತುಂಡು ಯಾವತ್ತಿದ್ದರೂ ಕೈ ಕೊಡುತ್ತದೆ ಎನ್ನುವುದು ಅವರ ವಾದ. ನೂರಾ ಇಪ್ಪತ್ತು ದಾಟಬಾರದು ಎಂದು ತಾವೇ ಒಂದು ಗೆರೆ ಹಾಕಿಕೊಂಡರು. ಸಂಜೆಯ ಓದು ಆ ಗೆರೆ ದಾಟಿದರೆ ಒಳಗೆ ಹೋಗಿ ತಮ್ಮದೇ ಒತ್ತಡದ ಮಾತ್ರೆ ಮುರಿದು ಅರ್ಧ ತಂದು ನನಗೆ ಕೊಡುತ್ತಿದ್ದರು. ಉಳಿದರ್ಧ ತಾವು ನುಂಗುತ್ತಿದ್ದರು. ಅಡುಗೆಮನೆ ಬಾಗಿಲ ಸಂದಿಯಲ್ಲಿ ಮೊದಲ ದಿನವೇ ನಾನು ಅದನ್ನು ನೋಡಿದೆ.

"ವಿಟಮಿನ್," ಎಂದರು ನನ್ನ ಅಂಗೈಗೆ ಹಾಕುತ್ತ.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಕಿವಿ ಕೆಂಪಾಗಿತ್ತು. ಕೆಟ್ಟದ್ದಕ್ಕೆ ಮಾಡುತ್ತಿಲ್ಲ ಎಂದು ಗೊತ್ತಿತ್ತು. ಬೇಡ ಎನ್ನಲು ಹೊರಟೆ, ಬಾಯಿಂದ "ಬೀಗ" ಎಂದು ಬಂತು. ಅವರು ಹೋಗಿ ಬಾಗಿಲ ಬೀಗ ನೋಡಿಕೊಂಡು ಬಂದರು. ನಾನು ನುಂಗಿದೆ.

ನುಂಗಿದ ಮರುದಿನಗಳಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ತಿಂಡಿ, ಮಾತ್ರೆ ಆಗಿ ಒಂದೆರಡು ಗಂಟೆಯ ಮೇಲೆ ಕುರ್ಚಿಯಿಂದ ಎದ್ದರೆ ಕೋಣೆ ಮಂಕಾಗುತ್ತಿತ್ತು. ಕತ್ತಲೆಯಲ್ಲ. ಎಲ್ಲದರ ಮೇಲೂ ಬೂದು ಬಟ್ಟೆ ಹೊದಿಸಿದ ಹಾಗೆ. ಮೇಜು ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಬೆಳಕು ಮರಳುತ್ತಿತ್ತು. ಆ ವೇಳೆಗೆ ನನಗೆ ಮೂರು ಪದದಲ್ಲಿ ಒಂದು ಸರಿಯಾಗಿ ಬರುತ್ತಿತ್ತು. ಹುಡುಕಿದೆ. ತಲೆಯಲ್ಲಿ ಇಪ್ಪತ್ತಾರು ವರ್ಷ ಕೂತಿದ್ದ ಪದವೇ ಮೊದಲು ಕೈಗೆ ಸಿಕ್ಕಿತು.

"ವೋಲ್ಟೇಜ್ ಕಡಿಮೆ," ಎಂದೆ.

ಇವರು ಮೇಲೆ ನೋಡಿದರು. ದೀಪ ಚೆನ್ನಾಗೇ ಉರಿಯುತ್ತಿತ್ತು.

"ಎಲ್ಲಿ ಕಡಿಮೆ? ಸರಿಯಾಗಿದೆಯಲ್ಲ."

"ವೋಲ್ಟೇಜ್," ಎಂದು ನನ್ನ ಹಣೆ ಮುಟ್ಟಿ ತೋರಿಸಿದೆ.

ಅವರ ಕಣ್ಣಲ್ಲಿ ನೀರಾಡಿತು. ಪಾಪ, ಇವಳು ಇನ್ನೂ ಕೌಂಟರಿನಲ್ಲೇ ಇದ್ದಾಳೆ ಎಂದುಕೊಂಡರು. ಆ ಸಂಜೆ ತಮ್ಮ ತಂಗಿಗೆ ಫೋನ್ ಮಾಡಿ ಹೇಳುತ್ತಿದ್ದುದು ನನಗೆ ಕೇಳಿಸಿತು: "ಬಿ.ಪಿ. ಬಂಗಾರದಂಗಿದೆ ಕಣಮ್ಮ, ಮಾತೇ ಇನ್ನೂ ಹಿಂದುಮುಂದು. ಆಫೀಸಿನ ಪದ ಎಲ್ಲಾ ಬರುತ್ತೆ." ಮರುದಿನ ಕೋಣೆಗೆ ದೊಡ್ಡ ಬಲ್ಬ್ ಹಾಕಿದರು. ಅದರ ಮುಂದಿನ ವಾರ ಒಂದು ಸ್ಟೆಬಿಲೈಸರ್ ತಂದು ಗೋಡೆಗೆ ಹೊಡೆದರು. ನಾನು ವೋಲ್ಟೇಜ್ ಎಂದಾಗಲೆಲ್ಲ ಅದರ ಮುಳ್ಳು ತೋರಿಸಿ, "ನೋಡು, ಇನ್ನೂರಾ ಮೂವತ್ತು ಇದೆ, ಹೆದರಬೇಡ," ಎಂದು ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸ್ಟೆಬಿಲೈಸರನ್ನು ಕಿತ್ತು ಅವರ ತಲೆಗೇ ಹಾಕಬೇಕೆನ್ನುವಷ್ಟು ಸಿಟ್ಟು. ಬಲಗೈಗೆ ಶಕ್ತಿ ಇರಲಿಲ್ಲ, ಅವರು ಬಚಾವಾದರು.

ನನ್ನ ಕಚೇರಿಯಲ್ಲಿ "ಕರೆಂಟ್ ಇಲ್ಲ" ಎನ್ನುವ ದೂರು ಸುಲಭದ್ದು. ಹೋಗಿ ನೋಡಿದರೆ ಕತ್ತಲೆ, ಯಾರೂ ಇಲ್ಲವೆನ್ನುವ ಹಾಗಿಲ್ಲ. "ವೋಲ್ಟೇಜ್ ಕಡಿಮೆ" ಎನ್ನುವುದೇ ತಲೆನೋವು. ಲೈನ್‌ಮನ್ ಹೋಗುವ ಹೊತ್ತಿಗೆ ಸರಿಯಾಗಿರುತ್ತದೆ. "ಸ್ಥಳ ಪರಿಶೀಲಿಸಲಾಗಿ ಸರಿಯಿದೆ" ಎಂದು ಷರಾ ಬರೆದು ಬರುತ್ತಾನೆ. ಮರುದಿನ ಅದೇ ಮನೆಯಿಂದ ಅದೇ ಫೋನು. ಆ ಷರಾಗಳನ್ನು ಓದಿ ಓದಿ ನಾನು ಒಂದು ಪಾಠ ಕಲಿತಿದ್ದೆ. ಏನೂ ಓಡದೆ ಸುಮ್ಮನಿದ್ದಾಗ ಅಳೆದರೆ ಎಲ್ಲ ಮನೆಯ ವೋಲ್ಟೇಜೂ ಸರಿಯೇ. ಮೋಟಾರ್ ಹಾಕಿಸಿ, ಆಗ ಅಳೆಯಬೇಕು. "ಲೋಡ್ ಹಾಕಿ ನೋಡಿ" ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ. ಇಲ್ಲಿ ನನ್ನ ಗಂಡ ದಿನಕ್ಕೆ ಎರಡು ಸಲ, ಐದು ನಿಮಿಷ ಸುಮ್ಮನೆ ಕೂರಿಸಿ, ಸ್ಥಳ ಪರಿಶೀಲಿಸಿ ಸರಿಯಿದೆ ಎಂದು ಬರೆಯುತ್ತಿದ್ದರು.

ಬಾಯಿ ಕೆಲಸಕ್ಕೆ ಬಾರದಿದ್ದರೆ ರಿಜಿಸ್ಟರಿನಲ್ಲಿ ಬರೆಯಬೇಕು. ಫಿಸಿಯೋಥೆರಪಿಯ ಹುಡುಗಿ ಬಲಗೈ ಬೆರಳಿಗೆಂದು ದಪ್ಪ ಪೆನ್ಸಿಲ್ ಕೊಟ್ಟು ಹೋಗಿದ್ದಳು. ಕೋಣೆ ಮಂಕಾದ ದಿನಗಳಲ್ಲಿ ಇವರ ನೋಟ್‌ಬುಕ್ ಎಳೆದುಕೊಂಡು ಆ ತಾರೀಕಿನ ಷರಾ ಖಾನೆಯಲ್ಲಿ ಒಂದು ಬಲ್ಬ್ ಬರೆದೆ. ಸೊಟ್ಟ ಸೊನ್ನೆ, ಕೆಳಗೆ ಒಂದು ಗೀಟು. ಅದಕ್ಕೇ ಹತ್ತು ನಿಮಿಷ ಹಿಡಿಯುತ್ತಿತ್ತು.

"ಅಯ್ಯೋ, ಇದರಲ್ಲಿ ಗೀಚಬೇಡ ಕಣೇ," ಎಂದರು ಇವರು. "ನಿನಗೆ ಬೇರೆ ಪುಸ್ತಕ ತಂದುಕೊಡ್ತೀನಿ."

ತಂದೂ ಕೊಟ್ಟರು, ಮುಖಪುಟದಲ್ಲಿ ಮೊಲದ ಚಿತ್ರವಿದ್ದದ್ದು. ನಾನು ಅದನ್ನು ಮುಟ್ಟಲಿಲ್ಲ.

ಆರನೇ ವಾರ ಒಂದು ದಿನ ಬಚ್ಚಲಿನ ಬಾಗಿಲಲ್ಲಿ ಮೊಣಕಾಲು ಸಡಿಲವಾಗಿ ಕೂತೇಬಿಟ್ಟೆ. ಪೆಟ್ಟಾಗಲಿಲ್ಲ. ಇವರು ಓಡಿ ಬಂದು ಎತ್ತಿ, ಕೂರಿಸಿ, ಐದು ನಿಮಿಷ ಕಾದು ಅಳೆದರು. ನೂರಾ ಹದಿನಾಲ್ಕು. "ಬಿ.ಪಿ. ಸರಿಯಾಗಿದೆ. ನೆಲ ಒದ್ದೆ ಇತ್ತೇನೋ," ಎಂದು ನೆಲ ಒರೆಸಿದರು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಸ್ಟ್ರೋಕ್ ಆದಾಗ ಹೆದರಲು ಹೊತ್ತೇ ಸಿಕ್ಕಿರಲಿಲ್ಲ. ಈಗ ಹೊತ್ತಿತ್ತು. ಮುಂದಿನ ಸಲ ಬಿದ್ದರೆ ತಲೆಯೇ ಒಡೆಯಬಹುದು, ಇಲ್ಲವೇ ಮಿದುಳಿನ ಆ ಕೊನೆಯ ಮನೆಗಳ ದೀಪ ಪೂರ್ತಿ ಆರಬಹುದು. ಎರಡು ದಿನ ಬಿಟ್ಟು ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. ಇವರು ಹಿಂದಿನ ಸಂಜೆ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದರು: "ನೂರಾ ಹತ್ತಕ್ಕೆ ಇಳಿಸೋಕಾಗುತ್ತಾ ಡಾಕ್ಟ್ರೇ? ಇನ್ನೊಂದು ಮಾತ್ರೆ ಸೇರಿಸಿದ್ರೆ?" ಇವರ ಬಾಯಿಗೂ ನನ್ನ ಬಾಯಿಗೂ ಪೈಪೋಟಿ ಎಂದರೆ ಗೆಲ್ಲುವವರು ಯಾರು ಎಂದು ಹೇಳಬೇಕಿಲ್ಲ.

ಡಾಕ್ಟರಮ್ಮನ ಕೋಣೆ ಚಿಕ್ಕದು. ಒಂದು ಮೇಜು, ಮೂರು ಕುರ್ಚಿ, ಗೋಡೆಯಲ್ಲಿ ಮಿದುಳಿನ ಚಿತ್ರ. ನರ್ಸ್ ನನ್ನನ್ನು ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಪಟ್ಟಿ ಕಟ್ಟಿ ಅಳೆದಳು. ನೂರಾ ಹನ್ನೆರಡು, ಅರವತ್ತೆಂಟು. ಇವರು ಹುಬ್ಬು ಹಾರಿಸಿದರು. ನೋಟ್‌ಬುಕ್ ಮುಂದಿಟ್ಟರು.

ಡಾಕ್ಟರಮ್ಮ ಹಾಳೆ ತಿರುವಿದರು. "ಇಷ್ಟು ನೀಟಾಗಿ ಯಾರೂ ಬರೆದು ತಂದಿಲ್ಲ ಸರ್. ಹೇಗಿದೀರಮ್ಮ?"

"ಚೆನ್ನಾಗಿದಾಳೆ," ಎಂದರು ಇವರು. "ನಾನು ಕೇಳ್ಬೇಕಂತಿದ್ದೆ, ನೂರಾ ಹತ್ತಕ್ಕೆ—"

"ಷರಾ ಖಾನೆಯಲ್ಲಿ ಇದೇನು?"

"ಅದು ಅವಳ ಕೈ ವ್ಯಾಯಾಮ. ಬೇಡ ಅಂದ್ರೂ ಗೀಚಿಬಿಡ್ತಾಳೆ."

"ದೂರು," ಎಂದೆ ನಾನು.

ಇಬ್ಬರೂ ನನ್ನ ಕಡೆ ತಿರುಗಿದರು. ಮೂರು ದಿನದಿಂದ ಆ ಪದವನ್ನು ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದೆ, ಬಿಸಿ ಲೋಟ ಹಿಡಿದು ನಡೆಯುವವರ ಹಾಗೆ.

"ದೂರು. ವೋಲ್ಟೇಜ್ ಕಡಿಮೆ."

"ಇವಳು ವಿದ್ಯುತ್ ಕಚೇರೀಲಿದ್ದಳು ಡಾಕ್ಟ್ರೇ," ಎಂದು ಇವರು ದನಿ ತಗ್ಗಿಸಿದರು. ನನ್ನ ಎದುರೇ ದನಿ ತಗ್ಗಿಸಿದರು. "ಆ ಪದಗಳೇ ಬರ್ತವೆ. ನಾನು ಸ್ಟೆಬಿಲೈಸರ್ ಹಾಕಿಸಿದೀನಿ."

"ಲೋಡ್," ಎಂದೆ. "ಲೋಡ್ ಹಾಕಿ ನೋಡಿ."

ಹೇಳಿ ಉಪಯೋಗವಿಲ್ಲ ಎಂದು ಗೊತ್ತಿತ್ತು. ಮೇಜು ಹಿಡಿದು ಎದ್ದು ನಿಂತೆ. ಬೆಳಗಿನ ಮಾತ್ರೆ ತೆಗೆದುಕೊಂಡು ಎರಡು ಗಂಟೆಯಾಗಿತ್ತು. ನಿರೀಕ್ಷಿಸಿದ ಹಾಗೇ ಗೋಡೆಯ ಮಿದುಳು ಮಂಕಾಯಿತು, ಡಾಕ್ಟರಮ್ಮನ ಬಿಳಿ ಕೋಟು ಬೂದಾಯಿತು. ಇವರು "ಕೂತ್ಕೋ, ಕೂತ್ಕೋ" ಎನ್ನುತ್ತಿದ್ದರು. ನಾನು ಎಡತೋಳನ್ನು ನರ್ಸ್ ಕಡೆ ಚಾಚಿದೆ. ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

"ಸಿಸ್ಟರ್, ಹಿಡ್ಕೊಳ್ಳಿ ಅವರನ್ನ. ಗುಂಡಿ ಒತ್ತಿ," ಎಂದರು ಡಾಕ್ಟರಮ್ಮ. ಅವರ ದನಿಯೇ ಬದಲಾಗಿತ್ತು.

ಒಂದು ನಿಮಿಷಕ್ಕೆ ಎಂಬತ್ತಾರು, ಐವತ್ತನಾಲ್ಕು. ನರ್ಸ್ ಸೊಂಟ ಬಳಸಿ ಹಿಡಿದಿದ್ದಳು. ಮೂರು ನಿಮಿಷಕ್ಕೆ ತೊಂಬತ್ತು. ಆಮೇಲೆ ಕೂರಿಸಿದರು. ಬೆಳಕು ಮರಳಿತು. ಮರಳಿದ ಬೆಳಕಿನಲ್ಲಿ ಮೊದಲು ಕಂಡದ್ದು ನನ್ನ ಗಂಡನ ಮುಖ. ಆಸ್ಪತ್ರೆಯಲ್ಲಿ ನೂರಾ ತೊಂಬತ್ತೆರಡರ ಕೆಳಗೆ ಕೂತಿದ್ದ ಅದೇ ಮುಖ.

"ಕೂತಾಗಿಂದ ನಿಂತಾಗ ಇಪ್ಪತ್ತು ಇಳಿದರೇ ಜಾಸ್ತಿ. ಇಲ್ಲಿ ಇಪ್ಪತ್ತಾರು ಇಳಿದಿದೆ," ಎಂದರು ಡಾಕ್ಟರಮ್ಮ. "ಅಮ್ಮ ಹೇಳ್ತಿರೋ ವೋಲ್ಟೇಜ್ ಇದೇ ಸರ್. ತಲೆಗೆ ರಕ್ತ ಸಾಲದೆ ಕಣ್ಣು ಮಂಕಾಗ್ತಿದೆ."

"ಆದ್ರೆ ನೀವೇ ಬರೆದಿದ್ರಲ್ಲ, ನೂರಾ ಮೂವತ್ತರ ಒಳಗೆ ಅಂತ."

"ಒಳಗೆ ಅಂದ್ರೆ ಎಷ್ಟು ಆಳಕ್ಕೆ ಹೋದ್ರೂ ಸರಿ ಅಂತಲ್ಲ. ಮೂವತ್ತರ ಒಳಗಿಟ್ರೆ ಇನ್ನೊಂದು ಸ್ಟ್ರೋಕ್ ಬರೋದು ಕಡಿಮೆಯಾಗುತ್ತೆ, ಅದು ನಿಜ. ಅಷ್ಟು ಸಾಕು. ನಿಂತಾಗ ಬೀಳೋ ಹಾಗೆ ಇಳಿಸಿದ್ರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಹಾವೂ ಸಾಯಬೇಕು, ಕೋಲೂ ಮುರೀಬಾರದು." ಆಕೆ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ನನಗೆ ಅರ್ಥವಾಗದೆ ಇರೋದು ಒಂದೇ. ನಾನು ಕೊಟ್ಟ ಎರಡು ಮಾತ್ರೆಗೆ ಇಷ್ಟು ಇಳೀಬಾರದಿತ್ತು. ಬೇರೆ ಏನಾದ್ರೂ ತಗೊಳ್ತಿದಾರಾ?"

ಇವರು ಮೇಜಿನ ಅಂಚನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದರು.

"ಅರ್ಧ," ಎಂದೆ ನಾನು.

"ಹೌದಮ್ಮ, ಅರ್ಧ ಮಾಡೋಣ," ಎಂದರು ಡಾಕ್ಟರಮ್ಮ ಪೆನ್ನು ತೆಗೆದುಕೊಂಡು. "ಬೆಳಗಿನದರಲ್ಲಿ ಒಂದನ್ನ ಅರ್ಧಕ್ಕೆ ಇಳಿಸ್ತೀನಿ."

"ಅಲ್ಲ. ಅರ್ಧ. ಅರ್ಧ." ಮುಂದಿನ ಪದ ಬರಲಿಲ್ಲ. ಬಾಯಿ ತೆರೆದು ಹುಡುಕಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಗೆ ಬಂದದ್ದು ಹೊರಗೆ ಬರಲಿಲ್ಲ.

ಡಾಕ್ಟರಮ್ಮ ಇವರ ಕಡೆ ನೋಡಿದರು. ಆ ಕೋಣೆಯಲ್ಲಿ ನನ್ನ ಮಾತು ಅರ್ಥವಾದದ್ದು ಇವರೊಬ್ಬರಿಗೇ. ಸುಮ್ಮನಿದ್ದರೆ ಸಾಕಿತ್ತು. ಡಾಕ್ಟರಮ್ಮ ಬೇಕಾದ ಮಾತ್ರೆಯನ್ನೇ ಕಡಿಮೆ ಮಾಡುತ್ತಿದ್ದರು, ಇವರ ಮಾನ ಉಳಿಯುತ್ತಿತ್ತು, ನನ್ನದು ಮತ್ತೊಂದು ತಪ್ಪು ಪದವಾಗುತ್ತಿತ್ತು.

"ಅವಳಿಗೆ ಮಾತು..." ಎಂದು ಶುರು ಮಾಡಿದರು.

ನಾನು ಅವರನ್ನೇ ನೋಡುತ್ತಿದ್ದೆ. ಅವರು ನೋಟ್‌ಬುಕ್ ನೋಡುತ್ತಿದ್ದರು. ಅರ್ಧ ಕೊಟ್ಟ ಸಂಜೆಗಳಲ್ಲಿ ಅವರು ಆ ದಿನದ ಸಾಲಿನ ಮೂಲೆಯಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. ಕಳ್ಳ ಕೆಲಸದಲ್ಲೂ ಲೆಕ್ಕ ತಪ್ಪಬಾರದು. ಆ ಚುಕ್ಕಿಯ ಮರುದಿನದ ಸಾಲಿನಲ್ಲೆಲ್ಲ ನನ್ನ ಸೊಟ್ಟ ಬಲ್ಬ್ ಇತ್ತು. ಚುಕ್ಕಿ, ಬಲ್ಬ್. ಚುಕ್ಕಿ, ಬಲ್ಬ್. ಹಾಳೆ ಓದುವುದು ಗೊತ್ತಿದ್ದವರು, ಓದಿಕೊಂಡರು. ಅವರ ಬೆರಳು ಹನ್ನೊಂದನೇ ಚುಕ್ಕಿಗೆ ಬಂದು ನಿಂತಿತು.

"ಇಲ್ಲ," ಎಂದರು. "ಅವಳು ಸರಿಯಾಗೇ ಹೇಳ್ತಿದಾಳೆ. ಅರ್ಧ ನಾನು ಕೊಟ್ಟಿದ್ದು. ನನ್ನ ಮಾತ್ರೆ. ನೂರಾ ಇಪ್ಪತ್ತು ದಾಟಿದ ಸಂಜೆ."

ಯಾವ ಮಾತ್ರೆ ಎಂದು ಕೇಳಿ, ಹೆಸರು ಹೇಳಿಸಿಕೊಂಡು ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. ದೇಹದ ನೀರು ಹೊರಗೆ ಹಾಕುವ ಜಾತಿಯದಂತೆ. ಬೈಯಲಿಲ್ಲ. ಬೈದಿದ್ದರೆ ಇವರಿಗೆ ಹಗುರವಾಗುತ್ತಿತ್ತು.

"ಇವತ್ತೇ ರಕ್ತ ಪರೀಕ್ಷೆ ಮಾಡಿಸಿ, ಉಪ್ಪಿನಂಶ, ಕಿಡ್ನಿ ಎರಡೂ ನೋಡ್ಬೇಕು," ಎಂದರು.

"ಎಲ್ಲಾ ಮಾತ್ರೆ ನಿಲ್ಲಿಸಿಬಿಡಲಾ?" ಎಂದರು ಇವರು.

"ಅಯ್ಯೋ, ಬೇಡ ಸರ್! ಅದು ಇನ್ನೊಂದು ತಪ್ಪು. ನನ್ನ ಎರಡು ಮಾತ್ರೆ ಹಾಗೇ ಇರ್ಲಿ, ನಿಮ್ಮ ಅರ್ಧ ಮಾತ್ರ ನಿಲ್ಲಿಸಿ. ಇನ್ನೂ ಇಳೀತಿದ್ರೆ ಫೋನ್ ಮಾಡಿ, ನಾನು ಬದಲಾಯಿಸ್ತೀನಿ. ಗುರಿ ಅದೇ, ನೂರಾ ಮೂವತ್ತರ ಒಳಗೆ. ಒಂದು ಸಂಜೆಯ ಓದು ನೋಡಿ ಏನೂ ಮಾಡ್ಬೇಡಿ, ವಾರದ ಸರಾಸರಿ ನೋಡಿ. ಮತ್ತೆ ವಾರಕ್ಕೆ ಎರಡು ಮೂರು ಸಲ ನಿಲ್ಲಿಸಿಯೂ ಅಳೀರಿ, ಪಕ್ಕದಲ್ಲಿ ಹಿಡ್ಕೊಂಡು. ಎರಡು ವಾರ ಬಿಟ್ಟು ಬನ್ನಿ." ಏನೋ ಹೊಳೆದವರ ಹಾಗೆ ತಲೆ ಎತ್ತಿದರು. "ಅರ್ಧ ಅವರಿಗೆ ಕೊಟ್ರೆ ನೀವು ತಗೊಂಡಿದ್ದು?"

"ಉಳಿದರ್ಧ."

ಯಾರೂ ಹೇಳದೆಯೇ ನರ್ಸ್ ಪಟ್ಟಿಯನ್ನು ನನ್ನ ತೋಳಿಂದ ಬಿಚ್ಚಿ ಅವರ ತೋಳಿಗೆ ಕಟ್ಟಿದಳು. ನೂರಾ ಎಪ್ಪತ್ತೆರಡು, ತೊಂಬತ್ತೆಂಟು. ನನಗೆ ನಗು ತಡೆಯಲಾಗಲಿಲ್ಲ. ಹೆಂಡತಿಗೆ ಅರ್ಧಾಂಗಿ ಎನ್ನುತ್ತಾರೆ, ನನಗೆ ಬಂದದ್ದು ಅರ್ಧಾಂಗವಾಯು, ಇವರು ಕೊಟ್ಟದ್ದು ಅರ್ಧ ಮಾತ್ರೆ. ಇದನ್ನು ಜೋರಾಗಿ ಹೇಳಬೇಕೆನಿಸಿತು, ಅಷ್ಟು ಪದ ಇರಲಿಲ್ಲ. ಡಾಕ್ಟರಮ್ಮ ಅವರಿಗೂ ಒಂದು ಚೀಟಿ ಬರೆದರು: ತಮ್ಮ ಮಾತ್ರೆ ಪೂರ್ತಿ ತಾವೇ ತೆಗೆದುಕೊಳ್ಳಬೇಕು, ತಮ್ಮ ಡಾಕ್ಟರನ್ನು ಈ ವಾರವೇ ನೋಡಬೇಕು.

ಮನೆಗೆ ಬಂದು ಇವರು ಚಪ್ಪಲಿ ಬಿಚ್ಚದೆ ಕೂತರು.

"ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಹೇಳ್ತಿದ್ದಿದ್ದು ಒಂದೇ," ಎಂದರು. "ಶಾಫ್ಟು ದಪ್ಪ ಉಳಿದ್ರೆ ಇನ್ನೊಮ್ಮೆ ತೇಯಬಹುದು. ತೆಳು ಮಾಡಿದ್ರೆ ಗುಜರಿ. ಅದಕ್ಕೇ ನಕ್ಷೆಯಲ್ಲಿ ಮೇಲೊಂದು ಮಿತಿ, ಕೆಳಗೊಂದು ಮಿತಿ. ಮೂವತ್ತೊಂದು ವರ್ಷ ಹೇಳಿದೀನಿ ಕಣೇ." ನನ್ನ ಬಲಗೈ ಹಿಡಿದುಕೊಂಡರು. "ನಿನಗೆ ಕೆಳಗಿನ ಮಿತಿ ಹಾಕೋದನ್ನ ಮರೆತೆ. ನೀನು ಹೇಳ್ತಾನೇ ಇದ್ದೆ."

ನಾನು ಅವರನ್ನು ಕ್ಷಮಿಸಿದೆನೇ? ಅವತ್ತು ಇಲ್ಲ. ಅರ್ಧ ಮಾತ್ರೆಯದು ಹೋಗಲಿ, ಹೆದರಿಕೆಯಲ್ಲಿ ಮಾಡಿದ್ದು. ಮೊಲದ ಚಿತ್ರದ ಪುಸ್ತಕ ಬಹಳ ದಿನ ಚುಚ್ಚುತ್ತಿತ್ತು.

ರಕ್ತದಲ್ಲಿ ಉಪ್ಪಿನಂಶ ಸ್ವಲ್ಪ ಇಳಿದಿತ್ತು, ಎರಡು ವಾರದಲ್ಲಿ ಸರಿಯಾಯಿತು. ನಿಂತಾಗಿನ ಓದು ನೂರಾ ಹದಿನೆಂಟಕ್ಕೆ ಬಂತು, ಕೂತಾಗ ನೂರಾ ಇಪ್ಪತ್ತಾರರ ಆಸುಪಾಸು. ಇವರು ಹೊಸ ನೋಟ್‌ಬುಕ್ಕಿಗೆ ಗೆರೆ ಹಾಕಿದರು. ಷರಾ ಖಾನೆಯನ್ನು ಕೊನೆಯಿಂದ ತೆಗೆದು ಮೊದಲಿಗೆ ತಂದರು. ಪಟ್ಟಿ ಕಟ್ಟುವ ಮುಂಚೆ, "ವೋಲ್ಟೇಜ್ ಹೇಗಿದೆ?" ಎಂದು ಕೇಳುತ್ತಾರೆ. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಆಮೇಲೆ "ಮಾತಾಡಬೇಡ" ಎನ್ನುತ್ತಾರೆ.

ಮೊನ್ನೆ ಸಂಜೆ ಮೊದಲ ಓದು ನೂರಾ ಮೂವತ್ತಾರು ಬಂತು. ಅವರ ಕಣ್ಣು ತಮ್ಮ ಮಾತ್ರೆ ಇಟ್ಟಿರುವ ಅಡುಗೆಮನೆಯ ಕಪಾಟಿನ ಕಡೆ ಹೋಗಿ ಬಂದದ್ದು ನನಗೆ ಕಂಡಿತು. ಏಳಲಿಲ್ಲ. ಸ್ವಲ್ಪ ಬಿಟ್ಟು ಎರಡನೇ ಸಲ ಒತ್ತಿದರು. ನೂರಾ ಮೂವತ್ತೊಂದು. ಗುರಿಗಿಂತ ಮೇಲೆ. ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಅವರಿಗೆ ಅದೆಷ್ಟು ಕಷ್ಟ ಎಂದು ನನ್ನಷ್ಟು ಬಲ್ಲವರು ಯಾರೂ ಇಲ್ಲ.

"ವಾರದ ಸರಾಸರಿ ಎಷ್ಟು?" ಎಂದೆ.

"ನೂರಾ ಇಪ್ಪತ್ತೇಳು."

"ಹಾಗಾದ್ರೆ ಪಾಸ್."

ಅವರು ನನ್ನ ಮುಖ ನೋಡಿದರು. "ಪಾಸ್ ಅಂದೆಯಾ? ಪದ ಸರಿಯಾಗಿದೆ ತಾನೆ?"

"ಸರಿಯಾಗೇ ಹೇಳ್ತಿದೀನಿ," ಎಂದೆ.

ನೂರಾ ಮೂವತ್ತೊಂದು ಎಂದು ಬರೆದರು. ಪಕ್ಕದಲ್ಲಿ "ಪಾಸ್" ಎಂದು ಬರೆದು, ಕೆಳಗೆ ನನ್ನ ಸಹಿಗೆಂದು ಪೆನ್ಸಿಲ್ ನನ್ನ ಬಲಗೈಗೆ ಕೊಟ್ಟರು.